ಪಾಸ್‌ಬುಕ್‌ನಲ್ಲಿ 1,374 ರೂಪಾಯಿ ಹೆಚ್ಚು ಏಕಿದೆ?

(ಸಣ್ಣ ವ್ಯಾಪಾರಿಗಳಿಗಾಗಿ ನಡೆದ ಲೆಕ್ಕಪತ್ರ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಲಗೆಯ ಮೇಲೆ ಎರಡು ಅಂಕಿಗಳನ್ನು ಬರೆದಿದ್ದೇನೆ. ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 2025ರ ಜೂನ್ 30ರ ಸಂಜೆ ಆ ಅಂಗಡಿಯ ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಶಿಲ್ಕು 86,420 ರೂಪಾಯಿ. ಅದೇ ದಿನಕ್ಕೆ ಪಾಸ್‌ಬುಕ್ ತೋರಿಸುತ್ತಿರುವುದು 87,794 ರೂಪಾಯಿ. ಪಾಸ್‌ಬುಕ್‌ನಲ್ಲಿ 1,374 ರೂಪಾಯಿ ಹೆಚ್ಚಿದೆ. ಲಕ್ಷಗಟ್ಟಲೆ ವ್ಯವಹಾರ ನಡೆದ ತಿಂಗಳಲ್ಲಿ ಇದೇನು ದೊಡ್ಡ ಮೊತ್ತ ಎಂದು ಯಾರಿಗಾದರೂ ಅನಿಸುತ್ತದೆ. ಬಹಳ ಅಂಗಡಿಗಳಲ್ಲಿ ಏನು ಮಾಡುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ. 'ಇತರೆ ಆದಾಯ 1,374' ಎಂದು ಒಂದು ಸಾಲು ಬರೆದು ಶಿಲ್ಕನ್ನು ಸರಿಮಾಡಿ ಪುಸ್ತಕ ಮುಚ್ಚುತ್ತಾರೆ.

ಆ ಒಂದು ಸಾಲು ಏನೇನನ್ನು ಮುಚ್ಚಿಹಾಕುತ್ತದೆ ಎಂದು ತೋರಿಸುವುದೇ ನನ್ನ ಉದ್ದೇಶ. ಈ 1,374ರ ಹಿಂದೆ 50,000 ರೂಪಾಯಿಗೂ ಮೀರಿದ ವ್ಯವಹಾರ ಅಡಗಿದೆ. ಕೆಲವು ಪಾಸ್‌ಬುಕ್ಕಿನ ಶಿಲ್ಕನ್ನು ಮೇಲಕ್ಕೆತ್ತಿವೆ, ಕೆಲವು ಕೆಳಗಿಳಿಸಿವೆ. ಒಂದನ್ನೊಂದು ಹೊಡೆದುಕೊಂಡು ಉಳಿದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿದೆ. ಅವನ್ನು ಒಂದೊಂದಾಗಿ ಬಿಡಿಸಿ ಬರೆಯುವ ಕಾಗದವೇ ಬ್ಯಾಂಕ್ ಹೊಂದಾಣಿಕೆ ಪಟ್ಟಿ. ನಿಮ್ಮ ಲೆಕ್ಕಪರಿಶೋಧಕರು ಬಿಆರ್‌ಎಸ್ ಎಂದು ಕೇಳುವುದು ಇದನ್ನೇ.

ಮೊದಲು ಒಂದು ಗೊಂದಲವನ್ನು ಕಳೆದುಕೊಳ್ಳೋಣ. ಬ್ಯಾಂಕಿನಲ್ಲಿರುವ ಹಣ ನಿಮಗೆ ಆಸ್ತಿ, ಬ್ಯಾಂಕಿಗೆ ಅದು ನಿಮಗೆ ಕೊಡಬೇಕಾದ ಸಾಲ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಡೆಬಿಟ್ ಆದದ್ದು ಅವರ ಪುಸ್ತಕದಲ್ಲಿ ಕ್ರೆಡಿಟ್ ಆಗಿರುತ್ತದೆ. ಡೆಬಿಟ್, ಕ್ರೆಡಿಟ್ ಎಂದು ತಲೆ ಕೆಡಿಸಿಕೊಳ್ಳುವವರು ಇವತ್ತಿನ ಮಟ್ಟಿಗೆ ಆ ಪದಗಳನ್ನು ಬದಿಗಿಟ್ಟು, ಖಾತೆಗೆ ಹಣ ಬಂತೇ, ಖಾತೆಯಿಂದ ಹಣ ಹೋಯಿತೇ ಎಂದಷ್ಟೇ ಕೇಳಿಕೊಳ್ಳಿ. ಬಂದದ್ದನ್ನು ಬಂದದ್ದರ ಜೊತೆ, ಹೋದದ್ದನ್ನು ಹೋದದ್ದರ ಜೊತೆ ತಾಳೆ ನೋಡಿದರೆ ಸಾಕು.

ಕೆಲಸಕ್ಕೆ ಕುಳಿತುಕೊಳ್ಳುವಾಗ ಮೇಜಿನ ಮೇಲೆ ಮೂರು ಕಾಗದಗಳಿರಬೇಕು. ಒಂದು ಜೂನ್ ತಿಂಗಳ ನಗದು ಪುಸ್ತಕ. ಎರಡನೆಯದು ಪಾಸ್‌ಬುಕ್ ಅಥವಾ ಬ್ಯಾಂಕ್ ಕೊಟ್ಟ ಖಾತೆಯ ವಿವರ. ಅದು ಜೂನ್ 1ರಿಂದ 30ರವರೆಗೆ ಇದ್ದರೆ ಸಾಲದು, ಜುಲೈ ಮೊದಲ ವಾರವನ್ನೂ ಸೇರಿಸಿ ಮುದ್ರಿಸಿಕೊಳ್ಳಿ. ಏಕೆ ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ. ಮೂರನೆಯದು ಮೇ ತಿಂಗಳ ಹೊಂದಾಣಿಕೆ ಪಟ್ಟಿ. ಇದನ್ನು ಎಲ್ಲರೂ ಮರೆಯುತ್ತಾರೆ. ಮೇ 30ರಂದು ಕೊಟ್ಟ 6,300 ರೂಪಾಯಿಯ ಚೆಕ್ ಜೂನ್ 4ರಂದು ಪಾಸಾಗಿದ್ದರೆ, ಪಾಸ್‌ಬುಕ್‌ನ ಜೂನ್ ಪುಟದಲ್ಲಿ ಅದು ಕಾಣುತ್ತದೆ, ನಗದು ಪುಸ್ತಕದ ಜೂನ್ ಪುಟದಲ್ಲಿ ಕಾಣುವುದಿಲ್ಲ. ಹಳೆಯ ಪಟ್ಟಿ ಪಕ್ಕದಲ್ಲಿಲ್ಲದಿದ್ದರೆ ಬರೆಯದೇ ಬಿಟ್ಟಿದ್ದೇವೆ ಎಂದುಕೊಂಡು ಇನ್ನೊಮ್ಮೆ ಬರೆದುಬಿಡುತ್ತೇವೆ. ಆದ್ದರಿಂದ ಪೆನ್ಸಿಲ್ ಹಿಡಿದು ಮೊದಲು ಮೇ ಪಟ್ಟಿಯ ಬಾಕಿಗಳಿಗೆ ಜೂನ್ ಪಾಸ್‌ಬುಕ್‌ನಲ್ಲಿ ಗುರುತು ಹಾಕಿ. ಆಮೇಲೆ ಜೂನ್ ತಿಂಗಳ ನಮೂದುಗಳನ್ನು ಎರಡೂ ಕಡೆ ಗುರುತು ಹಾಕುತ್ತಾ ಬನ್ನಿ. ಗುರುತು ಬೀಳದೆ ಉಳಿದವೇ ನಮ್ಮ ವ್ಯತ್ಯಾಸದ ಕಾರಣಗಳು.

ಈ ಅಂಗಡಿಯಲ್ಲಿ ಹಾಗೆ ಉಳಿದವನ್ನು ನೋಡೋಣ. ನಮ್ಮ ಪುಸ್ತಕದಲ್ಲಿ ಇದ್ದು ಪಾಸ್‌ಬುಕ್‌ನಲ್ಲಿ ಇಲ್ಲದವು ಮೂರು. ಜೂನ್ 26ರಂದು ಬಣ್ಣದ ಸಗಟು ವ್ಯಾಪಾರಿಗೆ 18,400 ರೂಪಾಯಿಯ ಚೆಕ್ ಕೊಟ್ಟಿದ್ದಾರೆ. ಕೊಟ್ಟ ದಿನವೇ ಖರ್ಚು ಬರೆದಿದ್ದಾರೆ. ಆ ವ್ಯಾಪಾರಿ ವಾರಕ್ಕೊಮ್ಮೆ ಚೆಕ್‌ಗಳನ್ನೆಲ್ಲ ಒಟ್ಟುಮಾಡಿ ಬ್ಯಾಂಕಿಗೆ ಹಾಕುವವರು. ಪಾಸ್‌ಬುಕ್‌ನಲ್ಲಿ ಇದು ಕಾಣಿಸಿಕೊಂಡದ್ದು ಜುಲೈ 3ರಂದು. ಎರಡನೆಯದು ಒಬ್ಬ ಗುತ್ತಿಗೆದಾರರಿಂದ ಬಂದ 12,750 ರೂಪಾಯಿಯ ಚೆಕ್. ಜೂನ್ 28ರಂದು ಬ್ಯಾಂಕಿನ ಚೆಕ್ ಪೆಟ್ಟಿಗೆಗೆ ಹಾಕಿ ಅವತ್ತೇ ಜಮಾ ಬರೆದಿದ್ದಾರೆ. ಆ ದಿನ ತಿಂಗಳ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಮಾರನೇ ದಿನ ಭಾನುವಾರ. ಸೋಮವಾರ ಪೆಟ್ಟಿಗೆ ತೆರೆದು ತೀರುವೆಗೆ, ಅಂದರೆ ಕ್ಲಿಯರಿಂಗ್‌ಗೆ ಕಳುಹಿಸಿದರು, ಜುಲೈ 1ರಂದು ಹಣ ಬಂತು. ಮೂರನೆಯದು ಜೂನ್ 30ರ ಕ್ಯೂಆರ್ ವ್ಯಾಪಾರ, 4,860 ರೂಪಾಯಿ. ಈ ಅಂಗಡಿಯವರ ಕ್ಯೂಆರ್ ಒಂದು ಪಾವತಿ ಆ್ಯಪ್‌ನದು. ದಿನದ ಒಟ್ಟು ಹಣ ಮಾರನೇ ದಿನ ಒಂದೇ ಮೊತ್ತವಾಗಿ ಖಾತೆಗೆ ಬರುತ್ತದೆ.

ಈ ಮೂರರಲ್ಲಿಯೂ ತಪ್ಪು ಯಾರದೂ ಇಲ್ಲ. ಹಣ ದಾರಿಯಲ್ಲಿದೆ, ಅಷ್ಟೇ. ಜುಲೈ ಮೊದಲ ವಾರದ ಪುಟ ಬೇಕು ಎಂದದ್ದು ಇದಕ್ಕಾಗಿ. 'ದಾರಿಯಲ್ಲಿದೆ' ಎಂದು ನಾವು ನಂಬಿದ್ದು ನಿಜವಾಗಿಯೂ ತಲುಪಿತೇ ಎಂದು ಅಲ್ಲಿ ಕಣ್ಣಾರೆ ನೋಡಬಹುದು. 2025ರ ಅಕ್ಟೋಬರ್ 4ರಿಂದ ಚೆಕ್‌ಗಳ ತೀರುವೆ ದಿನವಿಡೀ ನಡೆಯುವ ವ್ಯವಸ್ಥೆ ಬಂದಿದೆ. ಹಾಗಾಗಿ ನೀವು ಹಾಕಿದ ಚೆಕ್‌ನ ಹಣ ಈಗ ಹಿಂದಿಗಿಂತ ಬೇಗ ಬರುತ್ತದೆ. ಆದರೆ ನೀವು ಕೊಟ್ಟ ಚೆಕ್ ಸಗಟು ವ್ಯಾಪಾರಿಯ ಗಲ್ಲಾಪೆಟ್ಟಿಗೆಯಲ್ಲಿ ಕುಳಿತಿದ್ದರೆ ಯಾವ ವ್ಯವಸ್ಥೆಯೂ ಅದನ್ನು ಓಡಿಸುವುದಿಲ್ಲ.

ಚೆಕ್ ಪೆಟ್ಟಿಗೆಯ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಪೆಟ್ಟಿಗೆಗೆ ಹಾಕಿದರೆ ನಿಮ್ಮ ಕೈಯಲ್ಲಿ ಬ್ಯಾಂಕಿನ ಮೊಹರು ಬಿದ್ದ ಚೀಟಿ ಇರುವುದಿಲ್ಲ. ಕೌಂಟರಿನಲ್ಲಿ ಚೆಕ್ ಕೊಟ್ಟು ಸ್ವೀಕೃತಿ ಕೇಳಿದರೆ ಶಾಖೆಯವರು ಇಲ್ಲ ಎನ್ನುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆಯೇ. ದೊಡ್ಡ ಮೊತ್ತದ ಚೆಕ್ ಆದರೆ ದಯವಿಟ್ಟು ಕೌಂಟರಿನಲ್ಲೇ ಕೊಡಿ.

ಈಗ ಎರಡನೆಯ ಗುಂಪಿಗೆ ಬರೋಣ. ಪಾಸ್‌ಬುಕ್‌ನಲ್ಲಿ ಇದ್ದು ನಮ್ಮ ಪುಸ್ತಕದಲ್ಲಿ ಇಲ್ಲದವು. ನಿಜವಾದ ಸಮಾಚಾರ ಇರುವುದು ಇಲ್ಲಿ.

ಜೂನ್ 18ರ ಸಾಲಿನಲ್ಲಿ 7,500 ರೂಪಾಯಿ ಖಾತೆಯಿಂದ ಹೋಗಿದೆ. ಅದರ ಕೆಳಗೇ 177 ರೂಪಾಯಿ ಹೋಗಿದೆ. ಜೂನ್ 16ರಂದು ಜಮಾ ಮಾಡಿದ್ದ ಗ್ರಾಹಕರೊಬ್ಬರ ಚೆಕ್ ಹಣ ಸಾಲದೆ ವಾಪಸು ಬಂದಿದೆ. 177 ಎಂದರೆ ವಾಪಸಾತಿಯ ಶುಲ್ಕ 150, ಅದರ ಮೇಲೆ ಶೇ. 18 ಜಿಎಸ್‌ಟಿ 27. ಅಂಗಡಿಯವರು 16ರಂದೇ ಆ ಗ್ರಾಹಕರ ಉದ್ರಿ ಖಾತೆಯಲ್ಲಿ 7,500 ಜಮಾ ಬರೆದು ಲೆಕ್ಕ ಚುಕ್ತಾ ಮಾಡಿದ್ದಾರೆ. ಪಾಸ್‌ಬುಕ್ ನೋಡದಿದ್ದರೆ ಏನಾಗುತ್ತದೆ? ಆ ಗ್ರಾಹಕರು ಮತ್ತೆ ಬಂದಾಗ ಹಳೆಯ ಬಾಕಿ ಏನೂ ಇಲ್ಲ ಎಂದು ಪುಸ್ತಕವೇ ಹೇಳುತ್ತದೆ, ಇನ್ನಷ್ಟು ಮಾಲು ಉದ್ರಿ ಹೋಗುತ್ತದೆ. ಇನ್ನೂ ಗಂಭೀರವಾದದ್ದು ಕಾನೂನಿನ ಗಡುವು. ಹಣ ಸಾಲದೆ ಚೆಕ್ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಕ್ರಮಕ್ಕೆ ಹೋಗಬೇಕೆಂದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ ಇರುತ್ತದೆ. ವರ್ಷಕ್ಕೊಮ್ಮೆ, ಆದಾಯ ತೆರಿಗೆಯ ಲೆಕ್ಕ ಕೊಡುವಾಗ ಮಾತ್ರ ಪಾಸ್‌ಬುಕ್ ತಾಳೆ ನೋಡುವವರಿಗೆ ಈ 30 ದಿನಗಳು ಎಂದೋ ಮುಗಿದಿರುತ್ತವೆ. ಹೊಂದಾಣಿಕೆಯನ್ನು ತಿಂಗಳಿಗೊಮ್ಮೆ ಮಾಡಲೇಬೇಕು ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೊಂದೇ ಕಾರಣ ಸಾಕು.

ಜೂನ್ 20ರಂದು ನೆಫ್ಟ್ ಮೂಲಕ 9,000 ರೂಪಾಯಿ ಬಂದಿದೆ. ವಿವರದಲ್ಲಿ ಯಾವುದೋ ಎಂಟರ್‌ಪ್ರೈಸಸ್ ಎಂದಿದೆ, ಆ ಹೆಸರಿನ ಗ್ರಾಹಕರು ಯಾರೂ ನಮ್ಮ ಉದ್ರಿ ಪುಸ್ತಕದಲ್ಲಿ ಇಲ್ಲ. ಇದು ದಿನನಿತ್ಯದ ಸಂಗತಿ. ನಾವು ಅವರನ್ನು ಊರಿನ ಹೆಸರಿನಿಂದ ಕರೆಯುತ್ತೇವೆ, ಅವರ ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇರುತ್ತದೆ. ಹುಡುಕುವ ದಾರಿ ಹೆಸರಿಗಿಂತ ಮೊತ್ತದಲ್ಲಿದೆ: ಉದ್ರಿ ಪುಸ್ತಕದಲ್ಲಿ 9,000 ಬಾಕಿ ಇರುವವರು ಯಾರು, ಅಷ್ಟೇ ಮೊತ್ತದ ಬಿಲ್ ಯಾರ ಹೆಸರಿನಲ್ಲಿದೆ ಎಂದು ನೋಡಿ. ಅಂಥವರು ಸಿಕ್ಕರೆ ಫೋನ್ ಮಾಡಿ, ಅವರ ಮೊಬೈಲಿನಲ್ಲಿರುವ ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತು ಸಂಖ್ಯೆಯನ್ನು ಕೇಳಿ, ಪಾಸ್‌ಬುಕ್‌ನ ಸಂಖ್ಯೆಗೆ ಹೋಲಿಸಿ. ಸಿಗದಿದ್ದರೆ 'ವಿವರ ತಿಳಿಯದ ಜಮಾ' ಎಂಬ ತಾತ್ಕಾಲಿಕ ಖಾತೆಗೆ ಬರೆದಿಡಿ. ಅದನ್ನು ವ್ಯಾಪಾರಕ್ಕೆ ಸೇರಿಸಬೇಡಿ. ಉದ್ರಿ ಮಾರಿದ ದಿನವೇ ಬಿಲ್ ಆಗಿದೆ, ಅದರ ಜಿಎಸ್‌ಟಿ ಲೆಕ್ಕಕ್ಕೆ ಬಂದಿದೆ. ಈಗ ಮತ್ತೆ ಮಾರಾಟ ಎಂದು ಬರೆದರೆ ಒಂದೇ ಮಾಲಿಗೆ ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ. ಸಾಲದೆಂಬಂತೆ, ಹಣ ಕೊಟ್ಟಾಗಿರುವ ಗ್ರಾಹಕರಿಗೆ ಬಾಕಿ ಕೇಳಿ ಫೋನ್ ಹೋಗುತ್ತದೆ. ಒಳ್ಳೆಯ ಗ್ರಾಹಕರನ್ನು ಕಳೆದುಕೊಳ್ಳಲು ಅಷ್ಟು ಸಾಕು.

ತ್ರೈಮಾಸಿಕ ಶುಲ್ಕವೆಂದು ಬ್ಯಾಂಕ್ 354 ರೂಪಾಯಿ ಹಿಡಿದಿದೆ: 300 ಶುಲ್ಕ, 54 ಜಿಎಸ್‌ಟಿ. ಇದನ್ನು ಖರ್ಚಿಗೆ ಬರೆದರೆ ಮುಗಿಯಿತು.

ಕಾರ್ಡ್ ಯಂತ್ರದ ಲೆಕ್ಕ ಸ್ವಲ್ಪ ಸೂಕ್ಷ್ಮ. ಜೂನ್ 21ರಂದು ಒಬ್ಬರು ಕ್ರೆಡಿಟ್ ಕಾರ್ಡ್ ಉಜ್ಜಿ 12,500 ರೂಪಾಯಿಯ ನೀರಿನ ಪಂಪ್ ಒಯ್ದಿದ್ದಾರೆ. ಪುಸ್ತಕದಲ್ಲಿ ಜಮಾ 12,500. ಪಾಸ್‌ಬುಕ್‌ಗೆ 23ರಂದು ಬಂದದ್ದು 12,205. ಈ ಅಂಗಡಿಯ ಒಪ್ಪಂದದಂತೆ ಶೇ. 2 ಶುಲ್ಕ, ಅಂದರೆ 250, ಅದರ ಮೇಲೆ ಜಿಎಸ್‌ಟಿ 45, ಒಟ್ಟು 295 ರೂಪಾಯಿ ಕಡಿತವಾಗಿದೆ. ಕೆಲವರು ಪುಸ್ತಕದ 12,500 ಅನ್ನು ಹೊಡೆದು 12,205 ಎಂದು ತಿದ್ದುತ್ತಾರೆ. ಹಾಗೆ ಮಾಡಿದರೆ ಬಿಲ್‌ಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಮಾರಾಟ 12,500 ಆಗಿಯೇ ಇರಲಿ, 295 ಅನ್ನು ಬೇರೆಯಾಗಿ ಖರ್ಚು ಬರೆಯಿರಿ. ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ಬ್ಯಾಂಕಿಗೆ ಕೊಟ್ಟಿದ್ದರೆ, ನೀವು ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದಿದ್ದರೆ, ಆ 45 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಡಿತ ಮಾಡಿಕೊಳ್ಳಲೂ ಬಹುದು.

ಇಷ್ಟನ್ನೂ ಕೂಡಿಸಿ ಕಳೆದರೂ ಇನ್ನೂ 90 ರೂಪಾಯಿ ಸರಿಹೋಗಲಿಲ್ಲ. ಎಲ್ಲ ಸಾಲುಗಳಿಗೂ ಗುರುತು ಬಿದ್ದಾಗಿದೆ, ಉಳಿದದ್ದು ಏನೂ ಇಲ್ಲ. ಇಂಥ ಹೊತ್ತಿನಲ್ಲಿ ಹಳೆಯ ಗುಮಾಸ್ತರು ಬಳಸುತ್ತಿದ್ದ ಒಂದು ಪರೀಕ್ಷೆಯಿದೆ. ಉಳಿದ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 90 ಅನ್ನು 9ರಿಂದ ಭಾಗಿಸಿದರೆ 10. ಆ 10 ಇನ್ನೂ ಒಂದು ಸುಳಿವು ಕೊಡುತ್ತದೆ: ಪಕ್ಕಪಕ್ಕದ ಅಂಕಿಗಳೇ ಅದಲಾಗಿದ್ದರೆ, ಅವು ಹತ್ತರ ಮತ್ತು ನೂರರ ಸ್ಥಾನದಲ್ಲಿವೆ, ಅವುಗಳ ನಡುವಿನ ಅಂತರ ಒಂದು. ಈಗ ನೂರಾರು ನಮೂದುಗಳನ್ನು ಓದಬೇಕಾಗಿಲ್ಲ, ಹತ್ತರ ಮತ್ತು ನೂರರ ಅಂಕಿಗಳು ಒಂದರ ಅಂತರದಲ್ಲಿರುವ ಮೊತ್ತಗಳನ್ನು ಮಾತ್ರ ನೋಡಿದರೆ ಸಾಕು. ವಿದ್ಯುತ್ ಬಿಲ್ ಸಿಕ್ಕಿತು. ಕಟ್ಟಿದ್ದು 2,650, ಪುಸ್ತಕದಲ್ಲಿ ಬರೆದದ್ದು 2,560. ಗುರುತು ಹಾಕುವಾಗ ದಿನಾಂಕವನ್ನೂ ವಿದ್ಯುತ್ ಬಿಲ್ ಎಂಬ ಹೆಸರನ್ನೂ ನೋಡಿ ಮೊತ್ತವನ್ನು ಓದದೆ ದಾಟಿದ್ದರು. 9ರಿಂದ ಭಾಗವಾದ ಮಾತ್ರಕ್ಕೆ ಅದಲುಬದಲೇ ಎಂದು ಸಾಧಿಸಿದಂತಾಗುವುದಿಲ್ಲ, ಅದು ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ. 9 ಕೈಕೊಟ್ಟರೆ ವ್ಯತ್ಯಾಸದ ಅರ್ಧವನ್ನು ಹುಡುಕಿ. 1,500 ಬಂದದ್ದನ್ನು ತಪ್ಪಿ ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ 3,000 ಆಗಿರುತ್ತದೆ.

ಎಲ್ಲವೂ ಕೈಗೆ ಸಿಕ್ಕಿದ ಮೇಲೆ ಪಟ್ಟಿ ಬರೆಯುವ ಕ್ರಮ. ಪಠ್ಯಪುಸ್ತಕಗಳಲ್ಲಿ ಒಂದು ಶಿಲ್ಕಿನಿಂದ ಹೊರಟು, ಎಲ್ಲ ಕಾರಣಗಳನ್ನೂ ಒಂದೇ ಪಟ್ಟಿಯಲ್ಲಿ ಕೂಡಿ ಕಳೆದು ಇನ್ನೊಂದು ಶಿಲ್ಕಿಗೆ ತಲುಪುವ ವಿಧಾನವೂ ಇದೆ. ಪರೀಕ್ಷೆಗೆ ಅದು ಸಾಕು, ಅಂಗಡಿಗೆ ಸಾಲದು. ಏಕೆಂದರೆ ಅದರಲ್ಲಿ ವಾಪಸಾದ ಚೆಕ್ಕೂ ದಾರಿಯಲ್ಲಿರುವ ಚೆಕ್ಕೂ ಅಕ್ಕಪಕ್ಕ ಕುಳಿತಿರುತ್ತವೆ, ಪಟ್ಟಿ ಸರಿಹೋಯಿತೆಂದು ಸಮಾಧಾನಪಟ್ಟು ಪುಸ್ತಕವನ್ನು ತಿದ್ದದೆ ಬಿಡುತ್ತೇವೆ. ನೀವು ಎರಡು ಹಂತದಲ್ಲಿ ಮಾಡಿ. ಮೊದಲ ಹಂತದಲ್ಲಿ ನಮ್ಮ ಪುಸ್ತಕದಲ್ಲಿ ಬರೆಯದೇ ಬಿಟ್ಟಿದ್ದನ್ನೂ ತಪ್ಪಾಗಿ ಬರೆದದ್ದನ್ನೂ ಪುಸ್ತಕದಲ್ಲೇ ಸರಿಪಡಿಸಬೇಕು:

ಜೂನ್ 30ರ ಪುಸ್ತಕದ ಶಿಲ್ಕು: 86,420
ಕೂಡಿಸಿ, ನೆಫ್ಟ್ ಜಮಾ: 9,000
ಕಳೆಯಿರಿ, ವಾಪಸಾದ ಚೆಕ್: 7,500
ಕಳೆಯಿರಿ, ಚೆಕ್ ವಾಪಸಾತಿ ಶುಲ್ಕ: 177
ಕಳೆಯಿರಿ, ಬ್ಯಾಂಕ್ ಶುಲ್ಕ: 354
ಕಳೆಯಿರಿ, ಕಾರ್ಡ್ ಶುಲ್ಕ: 295
ಕಳೆಯಿರಿ, ವಿದ್ಯುತ್ ಬಿಲ್ ಕಡಿಮೆ ಬರೆದದ್ದು: 90
ಸರಿಪಡಿಸಿದ ಶಿಲ್ಕು: 87,004

ಎರಡನೆಯ ಹಂತದಲ್ಲಿ ದಾರಿಯಲ್ಲಿರುವುದು ಮಾತ್ರ ಉಳಿಯುತ್ತದೆ. ಹೊಂದಾಣಿಕೆ ಪಟ್ಟಿ ಎಂದರೆ ಇದಿಷ್ಟೇ:

ಸರಿಪಡಿಸಿದ ಪುಸ್ತಕದ ಶಿಲ್ಕು: 87,004
ಕೂಡಿಸಿ, ಕೊಟ್ಟರೂ ಇನ್ನೂ ಪಾಸಾಗದ ಚೆಕ್: 18,400
ಕಳೆಯಿರಿ, ಹಾಕಿದರೂ ಇನ್ನೂ ಜಮಾ ಆಗದ ಚೆಕ್: 12,750
ಕಳೆಯಿರಿ, ಜೂನ್ 30ರ ಕ್ಯೂಆರ್ ವ್ಯಾಪಾರ: 4,860
ಪಾಸ್‌ಬುಕ್ ಶಿಲ್ಕು: 87,794

ಈ ಎರಡನೆಯ ಪಟ್ಟಿಯ ಬಾಬತ್ತುಗಳಿಗೆ ನಗದು ಪುಸ್ತಕದಲ್ಲಿ ಏನನ್ನೂ ಬರೆಯಬಾರದು. ಅವು ಆಗಲೇ ಅಲ್ಲಿವೆ. ಬ್ಯಾಂಕಿನವರೇ ತಪ್ಪಾಗಿ ಬೇರೆ ಯಾರದೋ ಮೊತ್ತವನ್ನು ನಿಮ್ಮ ಖಾತೆಗೆ ಹಾಕಿದ್ದರೆ ಅದೂ ಇದೇ ಪಟ್ಟಿಯಲ್ಲಿ ಇರಬೇಕು, ಜೊತೆಗೆ ಅವತ್ತೇ ಶಾಖೆಗೆ ಲಿಖಿತ ದೂರು ಹೋಗಬೇಕು. ಓವರ್‌ಡ್ರಾಫ್ಟ್ ಖಾತೆ ಇರುವವರು ಶಿಲ್ಕಿನ ಹಿಂದೆ ಋಣ ಚಿಹ್ನೆ ಹಾಕಿಕೊಂಡು ಇದೇ ಕೂಡು ಕಳೆಯುವಿಕೆಯನ್ನು ಹೀಗೆಯೇ ಮಾಡಿ. ಓವರ್‌ಡ್ರಾಫ್ಟ್‌ಗೆ ಬೇರೆ ನಿಯಮ ಬಾಯಿಪಾಠ ಮಾಡಲು ಹೋಗಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಕ್ಯೂಆರ್ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಈಗ ನಿಮ್ಮ ವ್ಯಾಪಾರದಲ್ಲಿ ಹೆಚ್ಚಿನ ತೊಡಕು ಅಲ್ಲೇ ಇದೆ. ಬ್ಯಾಂಕಿನದೇ ಕ್ಯೂಆರ್ ಆಗಿ ಹಣ ನೇರವಾಗಿ ಖಾತೆಗೆ ಬರುತ್ತಿದ್ದರೆ 20 ರೂಪಾಯಿಯ ಮೊಳೆ ಮಾರಿದ್ದಕ್ಕೂ ಪಾಸ್‌ಬುಕ್‌ನಲ್ಲಿ ಒಂದು ಸಾಲು. ಅಂಥಲ್ಲಿ ಸಾಲಿಗೆ ಸಾಲು ತಾಳೆ ನೋಡುವುದು ಆಗದ ಮಾತು, ದಿನದ ಮೊತ್ತಕ್ಕೆ ದಿನದ ಮೊತ್ತವನ್ನು ನೋಡಿ. ಆ್ಯಪ್ ಕಂಪನಿಯ ಕ್ಯೂಆರ್ ಆಗಿದ್ದರೆ ನಡುವೆ ಒಂದು ದಿನ ಹಣ ಅವರ ಬಳಿ ಇರುತ್ತದೆ. ಅಂಥವರು ಲೆಕ್ಕದಲ್ಲಿ 'ಕ್ಯೂಆರ್ ಬರಬೇಕಾದ್ದು' ಎಂಬ ಬೇರೆ ಖಾತೆ ತೆರೆಯುವುದು ಒಳ್ಳೆಯದು. ದಿನದ ಮಾರಾಟ ಆ ಖಾತೆಗೆ ಹೋಗಲಿ, ಹಣ ನಿಜವಾಗಿ ಬಂದ ದಿನ ಅಲ್ಲಿಂದ ಬ್ಯಾಂಕ್ ಅಂಕಣಕ್ಕೆ ಬರಲಿ. ಸರಿಯಾಗಿ ನಡೆದರೆ ಆ ಖಾತೆಯಲ್ಲಿ ಯಾವಾಗಲೂ ಒಂದು ದಿನದ ವ್ಯಾಪಾರದಷ್ಟೇ ಶಿಲ್ಕು ಇರುತ್ತದೆ. ಅದು ಸದ್ದಿಲ್ಲದೆ ಬೆಳೆಯುತ್ತಾ ಹೋದರೆ ಎಲ್ಲೋ ಕಡಿತವಾಗುತ್ತಿದೆ ಎಂದು ತಿಳಿಯಿರಿ. ಯುಪಿಐ ಮೂಲಕ ಗ್ರಾಹಕರ ಬ್ಯಾಂಕ್ ಖಾತೆಯಿಂದ ಬರುವ ಹಣಕ್ಕೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಪಾವತಿ ಪಡೆದದ್ದಕ್ಕೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ, ಇಲ್ಲ. ಆದರೂ ಕಡಿಮೆ ಬಂದರೆ ಮೊದಲು ಹಣ ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್‌ನ ತಿಂಗಳ ಬಾಡಿಗೆಯನ್ನು ಅನುಮಾನಿಸಿ. ಕೆಲವು ಕಂಪನಿಗಳು ಅದನ್ನು ದಿನದ ಪಾವತಿಯಲ್ಲೇ ಹಿಡಿದುಕೊಳ್ಳುತ್ತವೆ.

ಕ್ಯೂಆರ್ ಮಾರಾಟವನ್ನು ನಗದು ಪುಸ್ತಕಕ್ಕೆ ಎಲ್ಲಿಂದ ಬರೆಯುತ್ತೀರಿ ಎಂದು ಇಲ್ಲಿಯೇ ಒಬ್ಬರನ್ನು ಕೇಳಿದೆ. ರಾತ್ರಿ ಮೊಬೈಲ್ ಸಂದೇಶ ನೋಡಿ ಬರೆಯುತ್ತೇವೆ ಎಂದರು. ಹಾಗೆ ಬರೆದರೆ ಎರಡು ಪುಸ್ತಕಗಳೂ ಪ್ರತಿ ತಿಂಗಳೂ ಅಚ್ಚುಕಟ್ಟಾಗಿ ತಾಳೆಯಾಗುತ್ತವೆ, ಆ ತಾಳೆಗೆ ಏನೂ ಬೆಲೆಯಿರುವುದಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದ್ದೀರಿ. ಯಾರಾದರೂ ನಿಮ್ಮ ಕ್ಯೂಆರ್ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿ ಹೋದರೆ, ಅಥವಾ ಗಲ್ಲಾದಲ್ಲಿ ಕುಳಿತವರು ತಮ್ಮ ಮೊಬೈಲ್ ಸಂಖ್ಯೆಗೆ ಹಣ ಹಾಕಿಸಿಕೊಂಡರೆ, ಆ ಹಣ ನಿಮ್ಮ ಪಾಸ್‌ಬುಕ್‌ಗೂ ಬರುವುದಿಲ್ಲ, ಸಂದೇಶ ನೋಡಿ ಬರೆದ ಪುಸ್ತಕಕ್ಕೂ ಬರುವುದಿಲ್ಲ. ಬಿಲ್ ಪುಸ್ತಕದಿಂದ ಬರೆದಿದ್ದರೆ ಮಾತ್ರ ಅದು ವ್ಯತ್ಯಾಸವಾಗಿ ಎದ್ದು ಕಾಣುತ್ತದೆ. ಬಿಲ್ಲನ್ನೇ ಹಾಕದ ಮಾರಾಟವನ್ನು ಹೊಂದಾಣಿಕೆ ಪಟ್ಟಿ ಹಿಡಿಯಲಾರದು. ಅದಕ್ಕೆ ಮಾಲಿನ ದಾಸ್ತಾನು ಎಣಿಸಬೇಕು, ಆ ವಿಷಯ ಇವತ್ತು ಬೇಡ.

ಜುಲೈ 31ಕ್ಕೆ ಮತ್ತೆ ಕುಳಿತಾಗ ಮೊದಲ ಗುರುತು ಬೀಳಬೇಕಾದದ್ದು 18,400, 12,750, 4,860 ಈ ಮೂರಕ್ಕೆ. ನಮ್ಮ ಅಂಗಡಿಯಲ್ಲಿ ಮೂರೂ ಜುಲೈ ಮೊದಲ ವಾರದಲ್ಲೇ ಇತ್ಯರ್ಥವಾದವು. ಹಾಗಾಗದೆ ಹಾಕಿದ ಚೆಕ್‌ನ ಹಣ ಬಾರದೆ ಉಳಿದರೆ ತಿಂಗಳ ಕೊನೆಯವರೆಗೆ ಕಾಯಬೇಡಿ, ಚೀಟಿಯ ಪ್ರತಿ ಹಿಡಿದು ಶಾಖೆಗೆ ಹೋಗಿ. ನೀವು ಕೊಟ್ಟ ಚೆಕ್ ಪಾಸಾಗದೆ ತಿಂಗಳಿಂದ ತಿಂಗಳಿಗೆ ಪಟ್ಟಿಯಲ್ಲಿ ಮುಂದುವರಿಯುತ್ತಿದ್ದರೆ ಅದರ ದಿನಾಂಕ ನೋಡಿ. ಚೆಕ್‌ಗೆ ಬರೆದ ದಿನಾಂಕದಿಂದ ಮೂರು ತಿಂಗಳಷ್ಟೇ ಆಯುಸ್ಸು, 2012ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಮೂರು ತಿಂಗಳು ದಾಟಿದರೆ ನಗದು ಪುಸ್ತಕದಲ್ಲಿ 18,400 ವಾಪಸು ಜಮಾ ಬರೆದು, ಬಣ್ಣದ ವ್ಯಾಪಾರಿಯ ಖಾತೆಯಲ್ಲಿ ಅದನ್ನು ಮತ್ತೆ ಕೊಡಬೇಕಾದ ಬಾಕಿಯಾಗಿ ನಿಲ್ಲಿಸಿ. ಅದನ್ನು ಆದಾಯಕ್ಕೆ ತೆಗೆದುಕೊಳ್ಳುವಂತಿಲ್ಲ. ಚೆಕ್ ಹಳತಾಯಿತು, ನೀವು ತಂದ ಬಣ್ಣದ ಬಾಕಿ ಹಾಗೆಯೇ ಇದೆ. ಹೊಸ ಚೆಕ್ ಬರೆಯುವ ಮೊದಲು ಹಳೆಯ ಚೆಕ್ ವಾಪಸು ಪಡೆದು ರದ್ದು ಮಾಡಿ. ಅದು ಕಳೆದುಹೋಗಿದೆ ಎಂದರೆ ಹಣ ಕೊಡಬಾರದೆಂದು ಬ್ಯಾಂಕಿಗೆ ಬರೆದುಕೊಟ್ಟು, ಆಮೇಲಷ್ಟೇ ಹೊಸದನ್ನು ಕೊಡಿ.